ಕ್ರಿಪ್ಟೋ ಲಾಭ ಬಿಟ್ಟುಹೋದ ರಿಟರ್ನ್: ನೋಟಿಸ್‌ಗೆ ಉತ್ತರ

ಬಂದಿರುವುದು ಯಾವ ಪತ್ರ?

ಕ್ರಿಪ್ಟೋ ಮಾರಿದಾಗ ಎಕ್ಸ್‌ಚೇಂಜ್ ಶೇ 1ರಷ್ಟು ಟಿಡಿಎಸ್ ಹಿಡಿಯುತ್ತದೆ. 2022ರ ಜುಲೈ 1ರಿಂದ ಜಾರಿಗೆ ಬಂದ 194ಎಸ್ ಕಲಂ ಇದಕ್ಕೆ ಕಾರಣ. ಆ ವಿವರ ನಿಮ್ಮ ಪ್ಯಾನ್ ಮೂಲಕ ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಗೆ, ಅಂದರೆ ಎಐಎಸ್‌ಗೆ ಸೇರುತ್ತದೆ. ರಿಟರ್ನ್‌ನಲ್ಲಿ ಅದರ ಸುಳಿವಿಲ್ಲದಿದ್ದರೆ ಪತ್ರ ಬರುತ್ತದೆ. ಮೊದಲು ಅದು ನಿಜವೇ ಎಂದು ಇ-ಫೈಲಿಂಗ್ ಪೋರ್ಟಲ್‌ನ Authenticate notice/order issued by ITD ಕೊಂಡಿಯಲ್ಲಿ ನೋಡಿ. ತೆರಿಗೆ ಹೆಸರಿನ ವಂಚನೆಯ ಮೇಲ್‌ಗಳೂ ಬರುತ್ತವೆ. ಬಳಿಕ ಕಲಂ ಓದಿ. ಬರೀ ಎಚ್ಚರಿಕೆಯ ಸಂದೇಶವಾದರೆ ನೀವಾಗಿಯೇ ತಿದ್ದಿಕೊಳ್ಳಬಹುದು. 148ರಡಿ ನೋಟಿಸ್ ಬಂದು ಮರುನಿರ್ಧಾರಣೆ ಶುರುವಾಗಿದ್ದರೆ ದಾರಿಯೇ ಬೇರೆ. ಆಗ ಲೆಕ್ಕಪರಿಶೋಧಕರ ಬಳಿ ಹೋಗುವುದೇ ಸರಿ.

ಲೆಕ್ಕ ತಪ್ಪುವ ಜಾಗ

ಎಐಎಸ್‌ನಲ್ಲಿ ಕಾಣುವುದು ಮಾರಾಟದ ಮೊತ್ತ, ಲಾಭವಲ್ಲ. ಆ್ಯಪ್ ತೋರಿಸುವ ನಿವ್ವಳ ಲಾಭವೂ ತೆರಿಗೆಯ ಲೆಕ್ಕವಲ್ಲ. 115ಬಿಬಿಎಚ್ ಕಲಂ ಪ್ರಕಾರ ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ; ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಖರ್ಚಿಗೂ ವಿನಾಯಿತಿ ಇಲ್ಲ. ಕಠಿಣ ನಿಯಮವೇ, ಆದರೆ ಇರುವುದು ಹಾಗೆ.

2023-24ರಲ್ಲಿ ಸಂಬಳದಾರರೊಬ್ಬರು 1,20,000 ರೂಪಾಯಿಗೆ ಕೊಂಡ ಬಿಟ್‌ಕಾಯಿನ್ ಅನ್ನು 1,80,000ಕ್ಕೆ ಮಾರಿದರು ಎಂದುಕೊಳ್ಳಿ. ಈಥರ್ ಅನ್ನು 1,50,000ಕ್ಕೆ ಕೊಂಡು 1,20,000ಕ್ಕೆ ಮಾರಿದರು. ಎಐಎಸ್ 3,00,000 ತೋರಿಸುತ್ತದೆ, ಆ್ಯಪ್ 30,000 ಲಾಭ ಎನ್ನುತ್ತದೆ. ತೆರಿಗೆ ಬೀಳುವುದು 60,000ದ ಮೇಲೆ: ಶೇ 30ರಂತೆ 18,000, ಶೇ 4ರ ಸೆಸ್ 720, ಒಟ್ಟು 18,720. ಹಿಡಿದ ಟಿಡಿಎಸ್ 3,000 ಕಳೆದರೆ ಬಾಕಿ 15,720, ಬಡ್ಡಿ ಬೇರೆ.

ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆದಿದ್ದರೆ ಅದೂ ಮಾರಾಟವೇ. ಬ್ಯಾಂಕಿಗೆ ಹಣ ಬಂದಿಲ್ಲವೆಂದು ಹಲವರು ಅದನ್ನು ಮರೆಯುತ್ತಾರೆ. ಆದ್ದರಿಂದ ಎಕ್ಸ್‌ಚೇಂಜ್‌ನಿಂದ ಲಾಭ-ನಷ್ಟದ ಸಾರಾಂಶವನ್ನಲ್ಲ, ವಹಿವಾಟುಗಳ ಪೂರ್ತಿ ಪಟ್ಟಿಯನ್ನೇ ಇಳಿಸಿಕೊಳ್ಳಿ.

ತಿದ್ದುವ ದಾರಿ

2023-24ರ ಪರಿಷ್ಕೃತ ರಿಟರ್ನ್‌ಗೆ 2025ರ ಜನವರಿ 15ಕ್ಕೇ ಗಡುವು ಮುಗಿಯಿತು. ಉಳಿದದ್ದು ಅಪ್‌ಡೇಟೆಡ್ ರಿಟರ್ನ್. 2026ರ ಮಾರ್ಚ್ 31ರೊಳಗೆ ಸಲ್ಲಿಸಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ, ಮುಂದಿನ ಒಂದು ವರ್ಷದಲ್ಲಾದರೆ ಶೇ 50. ನಮ್ಮ ಉದಾಹರಣೆಯಲ್ಲಿ, ಬಡ್ಡಿ ಬಿಟ್ಟು, ಅದು 3,930 ಅಥವಾ 7,860 ರೂಪಾಯಿ. ಮರುನಿರ್ಧಾರಣೆ ನಡೆಯುತ್ತಿದ್ದರೆ ಈ ಲೆಕ್ಕ ಹಿಡಿಯಬೇಡಿ.

ಐಟಿಆರ್-1ರಲ್ಲಿ ಕ್ರಿಪ್ಟೋಗೆ ಜಾಗವಿಲ್ಲ. ಇಂಥ ಸಂಬಳದಾರರು ಐಟಿಆರ್-2ಕ್ಕೆ ಹೋಗಿ Schedule VDAಯಲ್ಲಿ ಪ್ರತಿ ಮಾರಾಟದ ಕೊಂಡ ದಿನ, ಮಾರಿದ ದಿನ, ಎರಡೂ ಬೆಲೆ ತುಂಬಬೇಕು.

ಎಐಎಸ್‌ ಅಂಕಿಯೇ ತಪ್ಪಿದ್ದರೆ

ಒಂದೇ ವಹಿವಾಟು ಎರಡು ಸಲ ಬಂದಿದ್ದರೆ ಎಐಎಸ್‌ನಲ್ಲೇ ಆ ಸಾಲಿನ ಎದುರು ಆಕ್ಷೇಪ ದಾಖಲಿಸಿ, ನೋಟಿಸ್‌ಗೂ ಪೋರ್ಟಲ್‌ನಲ್ಲಿ ಉತ್ತರಿಸಿ. ವಹಿವಾಟಿನ ಪಟ್ಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ, ಮೊತ್ತ ಎಲ್ಲಿ ಹೊಂದುವುದಿಲ್ಲ ಎಂದು ಒಂದೆರಡು ಸಾಲಿನಲ್ಲಿ ಹೇಳಿದರೆ ಸಾಕು. ‘ನನಗೆ ಒಟ್ಟಾರೆ ನಷ್ಟ’ ಎಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಸುಮ್ಮನಿದ್ದು ಅಧಿಕಾರಿಯೇ ಆದಾಯ ಸೇರಿಸಿದರೆ, ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ 50, ತಪ್ಪು ತೋರಿಸಿದ್ದೆಂದು ತೀರ್ಮಾನವಾದರೆ ಶೇ 200 ದಂಡ ಬೀಳಬಹುದು.