ಐದು ರೂಪಾಯಿ ಪ್ಯಾಕೆಟಿನ ಗ್ರಾಂ ಲೆಕ್ಕ

ಹೊಸ ಸರಕಿಗೆ ಮೊದಲ ಬೆಲೆ ಕಟ್ಟಲು ಎರಡು ದಾರಿಗಳಿವೆ. ಹೆಚ್ಚು ಕೊಡಬಲ್ಲ ಕೆಲವರಿಗೆ ಮೊದಲು ದುಬಾರಿಯಾಗಿ ಮಾರಿ, ಅವರು ಕೊಂಡಾದ ಮೇಲೆ ಹಂತಹಂತವಾಗಿ ಇಳಿಸುವುದು ಕೆನೆ ತೆಗೆಯುವ ಬೆಲೆ. ಮೊದಲ ದಿನವೇ ಅಗ್ಗವಾಗಿಟ್ಟು, ಮಾರಾಟ ಹೆಚ್ಚಿದಂತೆ ಲಾಭ ಮಾಡಿಕೊಳ್ಳುವುದು ಒಳನುಗ್ಗುವ ಬೆಲೆ. ಇವೆರಡನ್ನೂ ಎದುರುಬದುರು ಇಟ್ಟು ವಿವರಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜೋಯೆಲ್ ಡೀನ್. ಅವರ ಲೇಖನ 1950ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂತು. ಅದಕ್ಕೆ ಐದು ವರ್ಷ ಮೊದಲು ನ್ಯೂಯಾರ್ಕಿನಲ್ಲಿ ರೆನಾಲ್ಡ್ಸ್ ಬಾಲ್‌ಪೆನ್ನು ಹನ್ನೆರಡೂವರೆ ಡಾಲರಿಗೆ ಮಾರಾಟಕ್ಕೆ ಬಂದಿತ್ತು. ನಕಲುಗಳು ಬಂದು, ಕೆಲವೇ ವರ್ಷಗಳಲ್ಲಿ ಅಂಥ ಪೆನ್ನು ಒಂದು ಡಾಲರಿಗೂ ಕೆಳಗಿಳಿಯಿತು. ಕೆನೆ ಎಷ್ಟು ಬೇಗ ಕರಗುತ್ತದೆ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಡೀನ್ ಹಾಕಿದ ಷರತ್ತುಗಳು ಸರಳ. ನಕಲು ಮಾಡುವುದು ಕಷ್ಟವಾಗಿದ್ದರೆ, ಗ್ರಾಹಕರು ಬೆಲೆಯನ್ನು ಅಷ್ಟಾಗಿ ನೋಡದಿದ್ದರೆ ಕೆನೆ ತೆಗೆಯಬಹುದು. ಒಂದು ರೂಪಾಯಿ ಇಳಿಸಿದರೂ ಮಾರಾಟ ಏರುವಂತಿದ್ದರೆ, ಹೆಚ್ಚು ತಯಾರಿಸಿದಷ್ಟೂ ಖರ್ಚು ಇಳಿಯುವಂತಿದ್ದರೆ, ಪ್ರತಿಸ್ಪರ್ಧಿ ಬಾಗಿಲಲ್ಲೇ ನಿಂತಿದ್ದರೆ ಒಳನುಗ್ಗುವುದೇ ಸರಿ. 1975ರಲ್ಲಿ ರಾಬಿನ್ಸನ್ ಮತ್ತು ಲಖಾನಿ ಇದನ್ನು ಗಣಿತಕ್ಕೆ ತಂದು, ವರ್ಷದಿಂದ ವರ್ಷಕ್ಕೆ ಬೆಲೆ ಹೇಗೆ ಬದಲಾಗಬೇಕೆಂದು ಲೆಕ್ಕ ಹಾಕಿದರು. ಥಾಮಸ್ ನೇಗಲ್ 1987ರ ತಮ್ಮ ಪುಸ್ತಕದಲ್ಲಿ, ಸುತ್ತಲಿನ ಬೆಲೆಗೇ ಹೊಂದಿಕೊಂಡು ಬೇರೆ ಗುಣದಲ್ಲಿ ಪೈಪೋಟಿ ಮಾಡುವ ಮೂರನೆಯ ದಾರಿಯನ್ನೂ ಸೇರಿಸಿದರು. ಈ ಗಣಿತದ ಮಾದರಿಗಳು ಹುಟ್ಟಿದ್ದು ಟಿ.ವಿ., ಫ್ರಿಜ್‌ಗಳಂಥ, ಮನೆಗೆ ಒಮ್ಮೆ ಬಂದರೆ ವರ್ಷಗಟ್ಟಲೆ ಇರುವ ಸರಕುಗಳಿಗೆ. ಖಾರ ಶೇವು ಹಾಗಲ್ಲ, ಇವತ್ತು ತಿಂದವರು ನಾಳೆ ಮತ್ತೆ ಕೊಳ್ಳಬೇಕು. ಮೊದಲ ಕೊಳ್ಳುವವರನ್ನು ಹಿಂಡಿ ಮುಂದೆ ಸಾಗುವ ಕ್ರಮ ಇಲ್ಲಿ ಹೊಂದುವುದಿಲ್ಲ.

ಭಾರತದಲ್ಲಿ ಒಳನುಗ್ಗುವ ಬೆಲೆಯ ಹೆಸರಾಂತ ಕಥೆ ಗುಜರಾತಿನ ನಿರ್ಮಾ ಪುಡಿಯದು. 1969ರಲ್ಲಿ ಶುರುವಾದ ಅದು ಆಗಿನ ದುಬಾರಿ ಪುಡಿಗಳ ಬೆಲೆಯ ಒಂದು ಪಾಲಿಗಷ್ಟೇ ಸಿಗುತ್ತಿತ್ತು. 1980ರ ದಶಕದಲ್ಲಿ ತಮಿಳುನಾಡಿನಿಂದ ಬಂದ ಶಾಂಪೂ ಸ್ಯಾಶೆಗಳು ಬೆಲೆಯನ್ನೇ ನಾಣ್ಯದ ಅಳತೆಗೆ ಇಳಿಸಿದವು. ಖಾರದ ತಿನಿಸು ಆ ದಾರಿಯಲ್ಲೇ ಬಂತು. ಲೇಸ್ 1995ರಲ್ಲಿ, ಕುರ್ಕುರೆ 1999ರಲ್ಲಿ, ಬಿಂಗೊ 2007ರಲ್ಲಿ ಬಂದವು. ಐದು ರೂಪಾಯಿ, ಹತ್ತು ರೂಪಾಯಿಯ ಬೆಲೆ ಬಿಂದುಗಳು ಗಟ್ಟಿಯಾದಾಗ ಪೈಪೋಟಿ ಒಳಗಿನ ತೂಕಕ್ಕೆ ಇಳಿಯಿತು. ರಾಜಕೋಟದ ಬಾಲಾಜಿ ವೇಫರ್ಸ್ ಅದೇ ಬೆಲೆಗೆ ಹೆಚ್ಚು ಗ್ರಾಂ ಕೊಟ್ಟು ದೊಡ್ಡ ಕಂಪನಿಗಳ ಎದುರು ನಿಂತಿತು. 2025ರ ಸೆಪ್ಟೆಂಬರ್ 22ರಂದು ಖಾರದ ಪ್ಯಾಕ್ ತಿನಿಸಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಾಗಲೂ, ಸಣ್ಣ ಪ್ಯಾಕೆಟ್‌ಗಳಲ್ಲಿ ಹಲವು ಕಂಪನಿಗಳು ಬೆಲೆ ಮುಟ್ಟದೆ ಗ್ರಾಂ ಏರಿಸಿದವು.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಈ ಶಾಸ್ತ್ರವನ್ನು ಇಟ್ಟು ನೋಡಬಹುದು. ಮೂರೂ ಒಂದೇ ರಸ್ತೆಯ ಮೇಲಿವೆ, ಒಂದೇ ಲೈನ್ ಗಾಡಿ ಮೂರನ್ನೂ ಸುತ್ತಬಹುದು. ಆದರೆ ದುಡ್ಡು ಬರುವ ಬಗೆ ಬೇರೆ. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಬಂದಾಗ ಕೈ ಸಡಿಲಾಗುತ್ತದೆ, ಬಾರದ ತಿಂಗಳು ಉದ್ರಿ ನಡೆಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ತಿಂಗಳ ಸಂಬಳವಿದೆ. ಮಸ್ಕಿ ಇವೆರಡರ ನಡುವೆ ನಿಂತು ಜಾತ್ರೆ, ಸಂತೆಗಳ ಮೇಲೆ ನಡೆಯುತ್ತದೆ. ಮೂರೂ ಕಡೆ ಪ್ಯಾಕೆಟಿನ ಖಾರಕ್ಕೆ ನಿಜವಾದ ಎದುರಾಳಿ ಒಗ್ಗರಣೆ, ಮಿರ್ಚಿ ಭಜಿಯ ತಟ್ಟೆ. ಬಿಸಿಯಾಗಿ ಹೊಟ್ಟೆ ತುಂಬಿಸುವ ಅದರ ಎದುರು ಪ್ಯಾಕೆಟ್ ಗೆಲ್ಲುವುದು ಮಕ್ಕಳ ಕೈಯಲ್ಲಿ ಮತ್ತು ಬಸ್ಸಿನ ಸೀಟಿನಲ್ಲಿ ಮಾತ್ರ.

ಒಂದು ಕಾಲ್ಪನಿಕ ಘಟಕದ ಲೆಕ್ಕ ನೋಡಬಹುದು. ಇದು ಸಮೀಕ್ಷೆಯ ಅಂಕಿಯಲ್ಲ, ದಾರಿ ತೋರುವ ಉದಾಹರಣೆ. ಸಿಂಧನೂರಿನಲ್ಲಿ ಖಾರ ಶೇವು ಮಾಡಿ, 20 ಗ್ರಾಮಿನ ಐದು ರೂಪಾಯಿ ಪ್ಯಾಕೆಟ್ ಹೊರಡಿಸಲಾಗುತ್ತದೆ. ಹನ್ನೆರಡರ ಒಂದು ಸರದ ಎಂಆರ್‌ಪಿ 60 ರೂಪಾಯಿ. ಅಂಗಡಿಯವರು ಅದನ್ನು 50ಕ್ಕೆ, ಡೀಲರ್ 46ಕ್ಕೆ ಕೊಳ್ಳುತ್ತಾರೆ. ತೆರಿಗೆ ಕಳೆದರೆ ತಯಾರಕರಿಗೆ ಉಳಿಯುವುದು ಪ್ಯಾಕೆಟಿಗೆ ಸುಮಾರು 3 ರೂಪಾಯಿ 65 ಪೈಸೆ. ಕಡಲೆಹಿಟ್ಟು, ಎಣ್ಣೆ, ನಷ್ಟ ಸೇರಿ ಕೆಜಿಗೆ 130 ರೂಪಾಯಿ ಎಂದರೆ 20 ಗ್ರಾಮಿಗೆ 2.60, ಮೇಲಿನ ಹಾಳೆಗೆ 0.45. ಉಳಿದದ್ದು ಅರವತ್ತು ಪೈಸೆ, ಅಂದರೆ ಕೆಜಿಗೆ 30 ರೂಪಾಯಿ. ಕೂಲಿ, ಬಾಡಿಗೆ, ಗಾಡಿಗೆ ತಿಂಗಳಿಗೆ 60,000 ಬೇಕಿದ್ದರೆ 2,000 ಕೆಜಿ, ಅಂದರೆ ಒಂದು ಲಕ್ಷ ಪ್ಯಾಕೆಟ್ ಹೋಗಬೇಕು. ಅಂಗಡಿಗೆ ವಾರಕ್ಕೆ ಒಂದು ಸರ ಎಂದರೆ ಸುಮಾರು 1,900 ಅಂಗಡಿ ಬೇಕು. ತೂಕ 2 ಗ್ರಾಂ ಏರಿಸಿದರೆ 26 ಪೈಸೆ ಹೋಗಿ, ಉಳಿಯುವುದು 34 ಪೈಸೆ ಮಾತ್ರ. ಒಳನುಗ್ಗುವಿಕೆಯ ನಿಜವಾದ ಬೆಲೆ ಈ ಎರಡು ಗ್ರಾಮಿನಲ್ಲಿದೆ.

ಅದೇ ಶೇವನ್ನು 200 ಗ್ರಾಮಿನ ಪ್ಯಾಕ್ ಮಾಡಿ 70 ರೂಪಾಯಿಗಿಟ್ಟರೆ ಚಿತ್ರ ತಿರುಗುತ್ತದೆ. ಅಂಗಡಿಗೆ ನೇರವಾಗಿ ಶೇ. 20 ಬಿಟ್ಟು ತೆರಿಗೆ ಕಳೆದರೆ 53 ರೂಪಾಯಿ ಚಿಲ್ಲರೆ ಬರುತ್ತದೆ. ಸರಕಿಗೆ 26, ಗಟ್ಟಿ ಪ್ಯಾಕಿಗೆ 4 ಕಳೆದರೆ 23 ರೂಪಾಯಿ ಉಳಿಯುತ್ತದೆ, ಕೆಜಿಗೆ ಸುಮಾರು 117. ಅದೇ 60,000ಕ್ಕೆ ತಿಂಗಳಿಗೆ 2,570 ಪ್ಯಾಕ್ ಸಾಕು. ಬೇಕರಿ, ಸ್ವೀಟ್ ಅಂಗಡಿ, ಬಸ್ ನಿಲ್ದಾಣ ಸೇರಿ ನೂರು ಕಡೆ ಇಟ್ಟರೆ ವಾರಕ್ಕೆ ತಲಾ ಆರು. ಇದೇ ಇಲ್ಲಿನ ಕೆನೆ. ಆದರೆ ಇದನ್ನು ಕಾಯುವ ಗೋಡೆಯಿಲ್ಲ. ಶೇವಿಗೆ ಪೇಟೆಂಟ್ ಇಲ್ಲ, ಪಕ್ಕದ ಓಣಿಯ ಬಾಣಲೆ ಒಂದು ವಾರದಲ್ಲಿ ಅದೇ ರುಚಿ ತೆಗೆಯುತ್ತದೆ. ಕೊಂಡವರಿಗೆ ವ್ಯತ್ಯಾಸ ನಾಲಿಗೆಯಲ್ಲಿ ತಿಳಿಯದಿದ್ದರೆ, ಎರಡನೆಯ ಸಲ ಅವರು ತೂಗಿಕೊಡುವ ಬಿಡಿ ಶೇವಿನ ಕಡೆಗೇ ತಿರುಗುತ್ತಾರೆ.

ಕೆಡುವ ಬಗೆಗಳೂ ಎರಡು. ಅಗ್ಗದ ದಾರಿಯಲ್ಲಿ ಮೊದಲ ತಿಂಗಳ ಮಾರಾಟ ಮೋಸ ಮಾಡುತ್ತದೆ. ಹತ್ತು ಸರಕ್ಕೆ ಒಂದು ಸರ ಬಿಟ್ಟಿ ಎಂದಾಗ ಡೀಲರ್ ಗೋದಾಮು ತುಂಬಿಸಿಕೊಳ್ಳುತ್ತಾರೆ, ಮಾಲು ತಿನ್ನುವವರ ಬಾಯಿಗೆ ಹೋಗಿರುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ತೂಗುವ ಸರದ ಎಣ್ಣೆ ಕಮಟು ಹಿಡಿದು, ಪ್ಯಾಕೆಟ್‌ಗಳು ವಾಪಸ್ ಬರುತ್ತವೆ. ದುಬಾರಿ ದಾರಿಯಲ್ಲಿ 200 ಗ್ರಾಮಿನ ಪ್ಯಾಕ್ ಹಿಂದಿನ ಸಾಲಿಗೆ ಸರಿದು ಧೂಳು ಹಿಡಿಯುತ್ತದೆ. ಎರಡರಲ್ಲೂ ನೋಡಬೇಕಾದದ್ದು ಎರಡನೆಯ ಆರ್ಡರ್. ಸ್ಕೀಮ್ ಇಲ್ಲದೆ ಮೂವತ್ತು ಅಂಗಡಿಗೆ ತಲಾ ಒಂದು ಸರ ಕೊಟ್ಟು, ಹದಿನೈದು ದಿನಕ್ಕೆ ಎಷ್ಟು ಅಂಗಡಿಯವರು ತಾವಾಗಿಯೇ ಮತ್ತೆ ಕೇಳಿದರೆಂದು ಎಣಿಸುವುದು ಅಗ್ಗದ ಪರೀಕ್ಷೆ.

ಬೆಲೆ ಕಟ್ಟಿದ ಮೇಲೆ ತಿರುಗುವ ದಾರಿ ಕಡಿಮೆ. ಐದರ ಪ್ಯಾಕೆಟನ್ನು ಆರಕ್ಕೆ ಏರಿಸಿದರೆ ಚಿಲ್ಲರೆಯ ತಕರಾರು ಏಳುತ್ತದೆ. ಗ್ರಾಂ ಇಳಿಸಿದರೆ ಗಾಳಿ ತುಂಬಿದ ಪ್ಯಾಕೆಟನ್ನು ಮಕ್ಕಳೇ ಮೊದಲು ಒತ್ತಿ ನೋಡುತ್ತಾರೆ. ದೊಡ್ಡ ಪ್ಯಾಕಿನ ಬೆಲೆ ಇಳಿಸುವುದು ಸುಲಭ, ಆದರೆ ಹಳೆಯ ಮಾಲಿನ ನಷ್ಟವನ್ನು ಅಂಗಡಿಯವರಿಗೆ ತುಂಬಿಕೊಡಬೇಕು. ಸಣ್ಣ ಬಂಡವಾಳದವರಿಗೆ, ಈ ಲೆಕ್ಕದ ಪ್ರಕಾರ, 200 ಗ್ರಾಮಿನ ಪ್ಯಾಕನ್ನು ನೂರು ಅಂಗಡಿಗಳಲ್ಲಿ ನಿಲ್ಲಿಸಿ, ಎರಡನೆಯ ಆರ್ಡರ್ ನಿಯಮಿತವಾದ ಮೇಲೆ ಐದರ ಸರ ಕಟ್ಟುವುದೇ ಸುರಕ್ಷಿತ. 1,900 ಅಂಗಡಿ ಮುಟ್ಟುವ ಗಾಡಿ ಈಗಾಗಲೇ ಇರುವವರು ಮಾತ್ರ ಐದರಿಂದ ಶುರುಮಾಡಬಹುದು.