ಗಿಗ್ ಕಾರ್ಮಿಕರ ಕರಡು ಮಸೂದೆ: ಡೆಲಿವರಿ ಹುಡುಗರಿಗೆ ಏನು ಸಿಗುತ್ತೆ, ಅಂಗಡಿಯವರಿಗೆ ಏನಾದ್ರೂ ಹೊರೆ ಬೀಳುತ್ತಾ?

ಬೆಂಗಳೂರು, ಜುಲೈ 2024: ರಾಜಾಜಿನಗರದ ನವರಂಗ್ ವೃತ್ತ, ವಿಜಯನಗರ ಮೆಟ್ರೊ ನಿಲ್ದಾಣ, ಬಸವೇಶ್ವರನಗರದ ಹಾವನೂರು ವೃತ್ತ. ಸಂಜೆ ಹೊತ್ತು ಎಲ್ಲಿ ನಿಂತರೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮೊಬೈಲ್ ನೋಡುತ್ತಾ ಆರ್ಡರ್‌ಗೆ ಕಾಯುವ ಹುಡುಗರು ಕಾಣುತ್ತಾರೆ. ಇವರು ಯಾರ ನೌಕರರು ಎಂದು ಕೇಳಿದರೆ ಕಂಪನಿ 'ನಮ್ಮ ನೌಕರರಲ್ಲ, ಪಾಲುದಾರರು' ಎನ್ನುತ್ತದೆ. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಕೆಲಸದಿಂದ ತೆಗೆದರೆ ಕೇಳುವವರೂ ಇಲ್ಲ. ಈ ಸ್ಥಿತಿಯನ್ನು ಸ್ವಲ್ಪ ಬದಲಿಸಲು ರಾಜ್ಯ ಕಾರ್ಮಿಕ ಇಲಾಖೆ ಜೂನ್ 29ರಂದು 'ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಮಸೂದೆ-2024'ರ ಕರಡು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು.

ನೀತಿ ಆಯೋಗದ ಲೆಕ್ಕದಂತೆ ಬೆಂಗಳೂರಿನಲ್ಲಿ ಇಂತಹ ಕಾರ್ಮಿಕರು ಸುಮಾರು 2 ಲಕ್ಷ. ದೇಶದಲ್ಲಿ ಇಂಥ ಕಾನೂನನ್ನು ಮೊದಲು ತಂದದ್ದು ರಾಜಸ್ಥಾನ, 2023ರಲ್ಲಿ.

ಯಾರು ಒಳಗೆ, ಯಾರು ಹೊರಗೆ?

ಆ್ಯಪ್ ಮೂಲಕ ಕೆಲಸ ಪಡೆದು, ಮಾಡಿದ ಕೆಲಸಕ್ಕೆ ತಕ್ಕಂತೆ ಹಣ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಊಟ, ದಿನಸಿ ಡೆಲಿವರಿ, ಆ್ಯಪ್ ಟ್ಯಾಕ್ಸಿ ಮತ್ತು ಆಟೊ, ಸಾಮಾನು ಸಾಗಣೆ, ಮನೆಗೆ ಬಂದು ಬ್ಯೂಟಿ ಪಾರ್ಲರ್ ಅಥವಾ ರಿಪೇರಿ ಕೆಲಸ ಮಾಡುವವರು ಎಲ್ಲರೂ ಸೇರುತ್ತಾರೆ. ಜವಾಬ್ದಾರಿ ಬೀಳುವುದು ಆ್ಯಪ್ ನಡೆಸುವ ಕಂಪನಿಯ ಮೇಲೆ. ಕರಡಿನಲ್ಲಿ ಇವರನ್ನು 'ಅಗ್ರಿಗೇಟರ್' ಎಂದು ಕರೆಯಲಾಗಿದೆ.

ಅಂಗಡಿಯವರು ಗಮನಿಸಬೇಕಾದದ್ದು ಇಲ್ಲಿದೆ. ವಿಜಯನಗರದ ಒಂದು ದಿನಸಿ ಅಂಗಡಿಯನ್ನೇ ತೆಗೆದುಕೊಳ್ಳಿ. ಮಾಲೀಕರು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಂಡು, ತಿಂಗಳ ಸಂಬಳದ ಹುಡುಗನ ಕೈಲಿ ಮನೆಗಳಿಗೆ ಸಾಮಾನು ಕಳಿಸ್ತಾರೆ. ಆ ಅಂಗಡಿ ಅಗ್ರಿಗೇಟರ್ ಅಲ್ಲ, ಆ ಹುಡುಗ ಗಿಗ್ ಕಾರ್ಮಿಕನೂ ಅಲ್ಲ. ಆತ ಅಂಗಡಿಯ ನೌಕರ. ಅವನ ಕೆಲಸದ ಅವಧಿ, ವಾರದ ರಜೆ ಎಲ್ಲಕ್ಕೂ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಈಗಾಗಲೇ ಅನ್ವಯಿಸುತ್ತೆ. ಅದೇ ಅಂಗಡಿಯವರು ಆ್ಯಪ್ ಒಂದರಲ್ಲೂ ಮಾರಾಟ ಮಾಡಿದರೆ, ಅಲ್ಲಿಂದ ಬರುವ ರೈಡರ್‌ಗೆ ಕಲ್ಯಾಣ ಶುಲ್ಕ ಕಟ್ಟಬೇಕಾದವರು ಆ್ಯಪ್ ಕಂಪನಿಯವರೇ ಹೊರತು ಅಂಗಡಿಯವರಲ್ಲ. ಕಂಪನಿ ಆ ಹೊರೆಯನ್ನು ಅಂಗಡಿಯ ಕಮಿಷನ್‌ಗೋ ಗ್ರಾಹಕರ ಬಿಲ್‌ಗೋ ಸೇರಿಸಿದರೆ? ಭಯ ಇರುವುದು ಅಲ್ಲೇ.

ಕಲ್ಯಾಣ ಶುಲ್ಕ ಎಷ್ಟು?

ದರ ಎಷ್ಟೆಂದು ಕರಡಿನಲ್ಲಿ ಹೇಳಿಲ್ಲ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಇಂತಿಷ್ಟು, ಅಥವಾ ರಾಜ್ಯದಲ್ಲಿ ಕಂಪನಿಯ ಒಟ್ಟು ವಹಿವಾಟಿನ ಮೇಲೆ ಇಂತಿಷ್ಟು ಎಂದು ಸರ್ಕಾರ ಮುಂದೆ ಅಧಿಸೂಚನೆ ಹೊರಡಿಸಬೇಕಿತ್ತು.

ಈ ಎರಡರಲ್ಲಿ ಯಾವುದು ಎಂಬುದರ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತೆ. ದರ ಶೇ 2 ಎಂದು ಸುಮ್ಮನೆ ಇಟ್ಟುಕೊಳ್ಳಿ. 400 ರೂಪಾಯಿಯ ಊಟದ ಆರ್ಡರ್‌ಗೆ ರೈಡರ್‌ಗೆ 40 ರೂಪಾಯಿ ಸಿಕ್ಕಿತು ಅಂದರೆ, ಆ 40ರ ಮೇಲೆ ಶುಲ್ಕ 80 ಪೈಸೆ. ಅದೇ ಪೂರ್ತಿ 400 ರೂಪಾಯಿಯನ್ನು ವಹಿವಾಟಿನ ಲೆಕ್ಕಕ್ಕೆ ಹಿಡಿದರೆ 8 ರೂಪಾಯಿ. ಎಂಬತ್ತು ಪೈಸೆಯನ್ನು ಕಂಪನಿ ತಾನೇ ನುಂಗಿಕೊಳ್ಳಬಹುದು. ಎಂಟು ರೂಪಾಯಿ ಆದರೆ ಯಾರದಾದರೂ ಬಿಲ್‌ನಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಈ ಹಣ ಗಿಗ್ ಕಾರ್ಮಿಕರ ನಿಧಿಗೆ ಹೋಗುತ್ತದೆ. ಹೊಸ ಕಲ್ಯಾಣ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ.

ಐಡಿ ಬ್ಲಾಕ್ ಆದ್ರೆ?

ಡೆಲಿವರಿ ಹುಡುಗರಿಗೆ ಅತಿ ದೊಡ್ಡ ತಲೆನೋವು ಇದೇ. ಉದಾಹರಣೆಗೆ, ಕೆಂಗೇರಿ ಉಪನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ರಾಜಾಜಿನಗರದ ಕಡೆ ಡೆಲಿವರಿ ಮಾಡುವ ಒಬ್ಬ ರೈಡರ್. ಬೈಕ್ ಸಾಲದ ಕಂತು ಇದೆ. ಒಂದು ದಿನ ಗ್ರಾಹಕರು 'ಪಾರ್ಸೆಲ್ ಬಂದಿಲ್ಲ' ಎಂದು ದೂರು ಕೊಟ್ಟರು ಅನ್ನಿ. ಮರುದಿನ ಬೆಳಿಗ್ಗೆ ಆ್ಯಪ್ ತೆರೆದರೆ ಲಾಗಿನ್ ಆಗುವುದಿಲ್ಲ. ಯಾಕೆ ಎಂದು ಕೇಳಲು ಕಚೇರಿ ಎಲ್ಲಿದೆ ಎಂದೇ ಗೊತ್ತಿಲ್ಲ. ಚಾಟ್‌ನಲ್ಲಿ ಕೇಳಿದರೆ ಅದೇ ಸಿದ್ಧ ಉತ್ತರ. ಆ ದಿನದಿಂದಲೇ ಸಂಪಾದನೆ ಸೊನ್ನೆ.

ಕರಡಿನ ಪ್ರಕಾರ ಕಂಪನಿ ಹೀಗೆ ಮಾಡುವಂತಿಲ್ಲ. ಯಾವ ಯಾವ ಕಾರಣಕ್ಕೆ ಕೆಲಸದಿಂದ ತೆಗೆಯಬಹುದು ಎಂಬುದು ಮೊದಲೇ ಒಪ್ಪಂದದಲ್ಲಿ ಇರಬೇಕು. ತೆಗೆಯುವ ಮುನ್ನ ಸರಿಯಾದ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, 14 ದಿನಗಳ ನೋಟಿಸ್ ನೀಡಬೇಕು. ವಿಚಾರಿಸಲು ಮಾತಿಗೆ ಸಿಗುವ ಒಬ್ಬ ವ್ಯಕ್ತಿಯನ್ನು ಕಂಪನಿ ನೇಮಿಸಬೇಕು. ಅಲ್ಲೂ ಕೆಲಸ ಆಗದಿದ್ದರೆ ದೂರು ಕೊಡಲು ಸರ್ಕಾರದ ಕುಂದುಕೊರತೆ ಅಧಿಕಾರಿ ಇರುತ್ತಾರೆ. ಆ ಕೆಂಗೇರಿ ರೈಡರ್‌ಗೆ ಕೆಲಸ ಉಳಿದೇ ಉಳಿಯುತ್ತೆ ಅಂತಲ್ಲ. ಆದರೆ ತನ್ನ ಮಾತು ಹೇಳಿಕೊಳ್ಳಲು ಎರಡು ವಾರ ಸಿಗುತ್ತೆ, ಕೈಯಲ್ಲಿ ಒಂದು ಕಾಗದ ಇರುತ್ತೆ.

ಒಪ್ಪಂದದ ಷರತ್ತು ಬದಲಿಸುವುದಕ್ಕೂ ಇದೇ ರೀತಿ 14 ದಿನ ಮೊದಲು ತಿಳಿಸಬೇಕು. ಹಣವನ್ನು ವಾರಕ್ಕೊಮ್ಮೆಯಾದರೂ ಕೊಡಬೇಕು, ಏನಾದರೂ ಕಡಿತ ಮಾಡಿದರೆ ಕಾರಣ ಹೇಳಬೇಕು. ರೇಟಿಂಗ್ ಹೇಗೆ ಲೆಕ್ಕ ಹಾಕುತ್ತಾರೆ, ಆರ್ಡರ್ ಯಾವ ಆಧಾರದ ಮೇಲೆ ಹಂಚುತ್ತಾರೆ ಎಂಬುದನ್ನೂ ಕಾರ್ಮಿಕರಿಗೆ ತಿಳಿಸಬೇಕು. ಕಂಪನಿಗಳ ಆಕ್ಷೇಪ ಹೆಚ್ಚಾಗಿರುವುದು ಈ ಅಂಶಕ್ಕೆ ಮತ್ತು ಕಲ್ಯಾಣ ಶುಲ್ಕಕ್ಕೆ. ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಕೂಡ ಕಳವಳ ವ್ಯಕ್ತಪಡಿಸಿದೆ.

ಕಾನೂನು ಮೀರಿದ ಕಂಪನಿಗೆ ದಂಡ 5,000 ರೂಪಾಯಿಯಿಂದ ಶುರು. ತಪ್ಪು ಮುಂದುವರಿದರೆ 1 ಲಕ್ಷದವರೆಗೆ ಏರಬಹುದು.

ನೋಂದಣಿ ಯಾರು ಮಾಡಿಸಬೇಕು?

ತಮ್ಮಲ್ಲಿ ಕೆಲಸ ಮಾಡುವವರ ವಿವರವನ್ನು ಕಂಪನಿಗಳೇ ಮಂಡಳಿಗೆ ಕೊಡಬೇಕು. ಮಂಡಳಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಎರಡು ಮೂರು ಆ್ಯಪ್‌ಗಳಲ್ಲಿ ದುಡಿಯುವವರಿಗೂ ಸಂಖ್ಯೆ ಒಂದೇ. ಇದಕ್ಕೆ ದುಡ್ಡು ಕೇಳುವ ಏಜೆಂಟರು ಬಂದರೆ ನಂಬಬೇಡಿ. 2024ರ ಜುಲೈನಲ್ಲಿ ಕಾನೂನೇ ಇನ್ನೂ ಬಂದಿರಲಿಲ್ಲ, ನೋಂದಣಿ ಶುರುವಾಗುವ ಮಾತೇ ಇರಲಿಲ್ಲ.

ರಾಜ್ಯ ಸರ್ಕಾರ 2023ರಲ್ಲಿ ತಂದ ಗಿಗ್ ಕಾರ್ಮಿಕರ ವಿಮಾ ಯೋಜನೆ ಬೇರೆ. ಒಟ್ಟು 4 ಲಕ್ಷ ರೂಪಾಯಿಯ ಆ ವಿಮೆಗೂ ಈ ಕರಡಿಗೂ ಗೊಂದಲ ಮಾಡಿಕೊಳ್ಳಬಾರದು.

ಕರಡಿನಲ್ಲಿ ಇಲ್ಲದ್ದು

ಆರ್ಡರ್‌ಗೆ ಕನಿಷ್ಠ ಇಷ್ಟು ರೂಪಾಯಿ ಕೊಡಬೇಕು ಎಂದು ಎಲ್ಲೂ ಇಲ್ಲ. ದಿನಕ್ಕೆ ಇಷ್ಟೇ ಗಂಟೆ ದುಡಿಸಬೇಕು ಎಂದೂ ಇಲ್ಲ. ಪೆಟ್ರೋಲ್ ಖರ್ಚಿನ ಮಾತಿಲ್ಲ. 'ಪಾಲುದಾರ' ಎಂಬ ಹಣೆಪಟ್ಟಿ ತೆಗೆದು ನೌಕರನೆಂದು ಒಪ್ಪಿಕೊಳ್ಳುವುದೂ ಇಲ್ಲ. ಹಾಗಾಗಿ ಪಿಎಫ್, ಇಎಸ್‌ಐ ಇದರಿಂದ ಸಿಗುವುದಿಲ್ಲ. ನಿಧಿಯಿಂದ ಏನೇನು ಸೌಲಭ್ಯ ಕೊಡಬೇಕು ಎಂಬುದನ್ನು ಮಂಡಳಿ ಆಮೇಲೆ ತೀರ್ಮಾನಿಸಬೇಕಿತ್ತು.

2024ರ ಜುಲೈನಲ್ಲಿ ಇದು ಕರಡು ಮಾತ್ರವಾಗಿತ್ತು. ಸಚಿವ ಸಂಪುಟದ ಒಪ್ಪಿಗೆ, ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಅಂಗೀಕಾರ, ಕೊನೆಗೆ ರಾಜ್ಯಪಾಲರ ಅಂಕಿತ ಎಲ್ಲವೂ ಬಾಕಿ ಇದ್ದವು. ಅಭಿಪ್ರಾಯ ತಿಳಿಸುವವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಮಿಕ ಇಲಾಖೆಗೆ ಬರೆಯಬಹುದಿತ್ತು. ಶುಲ್ಕವನ್ನು ರೈಡರ್‌ಗೆ ಕೊಡುವ ಹಣದ ಮೇಲೆ ಹಾಕಬೇಕೋ ಪೂರ್ತಿ ವಹಿವಾಟಿನ ಮೇಲೋ, ಅದನ್ನು ಅಂಗಡಿಯ ಕಮಿಷನ್‌ಗೆ ಸೇರಿಸದಂತೆ ತಡೆ ಬೇಕೋ ಬೇಡವೋ ಎಂಬುದನ್ನು ಅಂಗಡಿಯವರು ಹೇಳುವುದಿದ್ದರೆ ಹೇಳಬೇಕಾದ ಹೊತ್ತು ಅದೇ ಆಗಿತ್ತು. ದರ ಅಧಿಸೂಚನೆಯಾದ ಮೇಲೆ ಬಿಲ್ ನೋಡಿ ಬೇಜಾರಾದರೆ ಉಪಯೋಗವಿಲ್ಲ.