ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ

ಕೃತಕ ಉಸಿರಾಟದ ಕೊಳವೆ ಹಾಕಿ 48 ಗಂಟೆ ಕಳೆದ ಮೇಲೆ ರೋಗಿಯ ಶ್ವಾಸಕೋಶದಲ್ಲಿ ಉಂಟಾಗುವ ಸೋಂಕು. ಜ್ವರ, ಕೀವುಗೂಡಿದ ಕಫ, ಹೆಚ್ಚುವ ಆಮ್ಲಜನಕದ ಅಗತ್ಯ ಮತ್ತು ಎಕ್ಸ್‌ರೇಯಲ್ಲಿ ಕಾಣುವ ಹೊಸ ಮಬ್ಬು ಇದರ ಸೂಚನೆಗಳು.

ಔಷಧದ ಆಯ್ಕೆ: ಕಫದ ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ರೋಗಿ ಇರುವ ತೀವ್ರ ನಿಗಾ ಘಟಕದ್ದೇ ಆದ ಪ್ರತಿರೋಧದ ದಾಖಲೆಯೇ ಆಧಾರ. ಅಮೆರಿಕದ 2016ರ ಮಾರ್ಗಸೂಚಿಯಂತೆ, ಘಟಕದ ಗ್ರಾಂ-ಋಣ ಬ್ಯಾಕ್ಟೀರಿಯಾಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಒಂದು ಔಷಧಕ್ಕೆ ಬಗ್ಗದಿದ್ದರೆ ಅದೊಂದನ್ನೇ ನಂಬದೆ, ಸೂಡೊಮೊನಾಸ್ ವಿರುದ್ಧ ಬೇರೆ ವರ್ಗದ ಎರಡನೆಯ ಔಷಧವನ್ನೂ ಸೇರಿಸಬೇಕು. ಉದಾಹರಣೆಗೆ, 100 ಮಾದರಿಗಳಲ್ಲಿ 30 ಮೆರೊಪೆನೆಮ್‌ಗೆ ಮಣಿಯದ ಘಟಕದಲ್ಲಿ ಎರಡು ಔಷಧಗಳಿಂದ ಆರಂಭಿಸುತ್ತಾರೆ. ಮೂರನೆಯ ದಿನ ಮೆರೊಪೆನೆಮ್‌ಗೆ ಮಣಿಯುವ ಕ್ಲೆಬ್ಸಿಯೆಲ್ಲಾ ಮಾತ್ರ ಕಂಡುಬಂದು ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಎರಡನೆಯದನ್ನು ನಿಲ್ಲಿಸುತ್ತಾರೆ.

ಅವಧಿ: ಸಾಮಾನ್ಯವಾಗಿ 7 ದಿನ. ಫ್ರಾನ್ಸಿನ 51 ಘಟಕಗಳ 401 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ದಿನ ಔಷಧ ಪಡೆದವರಲ್ಲಿ 15 ದಿನ ಪಡೆದವರಿಗಿಂತ ಸಾವು ಹೆಚ್ಚಲಿಲ್ಲ. ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳಿದ್ದಾಗ ಮಾತ್ರ ಸೋಂಕು ಮರುಕಳಿಸಿದ್ದು ಹೆಚ್ಚಿತ್ತು. ಕೀವು ಕಟ್ಟಿದ್ದರೆ ಅಥವಾ ಚೇತರಿಕೆ ನಿಧಾನವಾಗಿದ್ದರೆ ಅವಧಿ ಹಿಗ್ಗುತ್ತದೆ.